ಬಸ್ ಫ್ರೀ ಇದೆ, ಹಾಗಂತ ದೂರ ಫ್ರೀ ಅಲ್ಲ

2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಫ್ರೀ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ, ದೂರದಲ್ಲಿ ಅಗ್ಗದ ರೂಮು ಹಿಡಿದು ಬಸ್ಸಿನಲ್ಲಿ ಓಡಾಡಿದರೆ ದುಡ್ಡು ಉಳಿಯುತ್ತದೆ ಎಂಬ ಲೆಕ್ಕ ನನ್ನ ಮುಂದೆ ಮತ್ತೆ ಮತ್ತೆ ಬರುತ್ತಿದೆ. ಹಾಗಾಗಿ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಯಾದಗಿರಿ ಕಡೆಯ ಹುಡುಗಿ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಹೊಸ ಕೆಲಸ, ಸಂಬಳ 16,000. ಆಫೀಸಿನ ಹತ್ತಿರದ ರೂಮಿಗೆ ಬಾಡಿಗೆ 5,500. ಶಹಾಬಾದಿನಲ್ಲಿ ಪರಿಚಯದವರ ಮನೆಯ ರೂಮು 3,000ಕ್ಕೆ ಸಿಗುತ್ತಿತ್ತು. ಮನೆಯಲ್ಲಿ ಇದೇ ಜಗಳ.

"ಬಸ್ಸಿಗೆ ರೊಕ್ಕಾ ಇಲ್ರಿ ಮೇಡಂ. ತಿಂಗಳಿಗಿ ಎರಡೂವರೆ ಸಾವಿರ ಉಳಿತದ," ಎಂದಳು.

ಶಹಾಬಾದಿನಿಂದ ಒಂದು ದಿನ ಆಫೀಸಿಗೆ ಹೋಗಿ ಬಂದು ನೋಡು, ಭಾನುವಾರ ಮಾತ್ರ ಬೇಡ, ಎಂದೆ. ಖಾಲಿ ಬಸ್ಸಿನಲ್ಲಿ ಕೂತು ನೋಡಿದರೆ ಏನೂ ತಿಳಿಯೋದಿಲ್ಲ.

ಮುಂದಿನ ಭೇಟಿಗೆ ಚೀಟಿ ಬರೆದುಕೊಂಡು ಬಂದಳು. ಬಸ್ಸು ಬಸ್‌ಸ್ಟ್ಯಾಂಡಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಆಫೀಸಿಗೆ ಶೇರ್ ಆಟೋ, ಹೋಗಲು 20, ಬರಲು 20. 26 ದಿನಕ್ಕೆ 1,040. ಉಳಿತಾಯ 1,460ಕ್ಕೆ ಇಳಿಯಿತು. ಹತ್ತಿರದ ರೂಮಿಗಿಂತ ದಿನಕ್ಕೆ ಎರಡು ತಾಸು ಜಾಸ್ತಿ ದಾರಿಯಲ್ಲೇ ಹೋಗುತ್ತದೆ.

ಎರಡು ತಾಸು ಅಂದರೆ ಸಣ್ಣದಲ್ಲ, ಎಂದೆ. ಅವಳು ಥಟ್ಟನೆ, "ಆ ಎರಡು ತಾಸಿಗಿ ನನಗ ಯಾರ ರೊಕ್ಕಾ ಕೊಡ್ತಾರ್ರಿ? 1,460 ಅಂತೂ ಕೈಯಾಗ ಉಳಿತದ," ಎಂದಳು.

ಮಾತು ಸರಿಯೇ. ಸಮಯವೇ ಹಣ ಎಂದು ಬಡವರಿಗೆ ಪಾಠ ಹೇಳೋದು ನನಗೂ ಹಿಡಿಸೋದಿಲ್ಲ. ಅದಕ್ಕೇ ಬೇರೆ ಕೇಳಿದೆ: ಅವತ್ತು ರಾತ್ರಿ ಏನು ಉಂಡೆ?

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಶಹಾಬಾದಿಗೆ ಹೊಳ್ಳಿ ಬಂದಾಗ ಎಂಟು ದಾಟಿತ್ತಂತೆ. ರೊಟ್ಟಿ ಬಡಿಯೋಕೆ ಕೈ ಏಳಲಿಲ್ಲ. ಖಾನಾವಳಿಯಲ್ಲಿ 80 ಕೊಟ್ಟು ಉಂಡಿದ್ದಳು. ತಿಂಗಳಿಗೆ ಹತ್ತು ರಾತ್ರಿ ಹೀಗಾದರೆ 800. ಆಗ ಉಳಿಯೋದು 660. ಅದಕ್ಕಾಗಿ 52 ತಾಸು ದಾರಿಯಲ್ಲಿ. ಚೀಟಿಯ ಹಿಂಭಾಗದಲ್ಲಿ ಅವಳೇ ಭಾಗಿಸಿದಳು, ತಾಸಿಗೆ 13 ರೂಪಾಯಿಯೂ ಬೀಳಲಿಲ್ಲ.

ಹಾಗಂತ 5,500ರ ರೂಮನ್ನೇ ಹಿಡಿ ಎಂದು ನಾನು ಹೇಳಲಿಲ್ಲ. ಸಂಬಳದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಾಡಿಗೆಗೇ ಹೋದರೆ, ಒಂದು ಜ್ವರ ಬಂದರೂ ಸಾಲ ಆಗುತ್ತದೆ. ನಾನು ಹೇಳಿದ್ದು ಇಷ್ಟು: ಕಿಲೋಮೀಟರ್ ಬಿಡು, ಎಷ್ಟು ಸಲ ಗಾಡಿ ಬದಲಿಸಬೇಕು ಅಂತ ನೋಡು. ಆಫೀಸಿನ ಮುಂದೆಯೇ ಇಳಿಸುವ ಬಸ್ಸಿನ ದಾರಿಯಲ್ಲೇ ಮನೆ ಹುಡುಕು. ರೂಮನ್ನು ಮಧ್ಯಾಹ್ನ ಮೂರಕ್ಕೆ ಹೋಗಿ ನೋಡು. ನಮ್ಮೂರ ಬಿಸಿಲಿಗೆ ಮೇಲ್ಮಹಡಿಯ ಸ್ಲ್ಯಾಬ್ ಕಾದರೆ ರಾತ್ರಿಯೂ ನಿದ್ದೆ ಬರೋದಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ದುಡ್ಡು ಯಾರದು, ಕರೆಂಟ್ ಮೀಟರ್ ಬೇರೆ ಇದೆಯಾ, ಅಡ್ವಾನ್ಸ್ ಕೊಡುವ ಮೊದಲೇ ಕೇಳು.

ಸೇಡಂ ರಸ್ತೆಯಲ್ಲೇ ಸ್ವಲ್ಪ ಹೊರಗೆ 4,200ಕ್ಕೆ ಕೆಳಮನೆ ಸಿಕ್ಕಿತು. ಒಂದೇ ಬಸ್ಸು. ಮೀಟರ್ ಮಾತ್ರ ಮಾಲೀಕರ ಜೊತೆಗೇ ಇದೆ. ಅದಕ್ಕೆ ತಿಂಗಳಿಗೆ ಇಂತಿಷ್ಟು ಎಂದು ಮೊದಲೇ ಮಾತಾಡಿಕೊಂಡಿದ್ದಾಳೆ.