ಸಿಂಕ್ ಜಾಲರಿ ಸುತ್ತ ತುಕ್ಕಿನ ಉಂಗುರ

"ಉಡುಪಿಯಲ್ಲಿ ಮನೆ, ಬೋರ್‌ವೆಲ್ ನೀರು. ಸ್ಟೀಲ್ ಸಿಂಕಿನ ಜಾಲರಿ ಸುತ್ತ ಕಂದು ಉಂಗುರ, ಎಷ್ಟು ಉಜ್ಜಿದರೂ ವಾರದಲ್ಲಿ ವಾಪಸ್."

ಬಹುಶಃ ನೀರಿನಲ್ಲಿರುವ ಕಬ್ಬಿಣ. ಬಿಳಿ ಬಕೆಟ್‌ನಲ್ಲಿ ನೀರು ಹಿಡಿದು ರಾತ್ರಿಯಿಡೀ ಬಿಡಿ, ಬೆಳಿಗ್ಗೆ ತಳದಲ್ಲಿ ಕೆಂಪು ಗಸಿ ಕೂತಿದ್ದರೆ ಅದೇ. ಇಲ್ಲದಿದ್ದರೆ ಜಾಲರಿಯ ಸ್ಕ್ರೂಗೇ ತುಕ್ಕು ಹಿಡಿದಿರಬಹುದು, ಬಿಚ್ಚಿ ನೋಡಿ.

ಹಳೇ ಬಟ್ಟೆಯನ್ನು ನಿಂಬೆರಸದಲ್ಲಿ ನೆನೆಸಿ ಉಂಗುರದ ಮೇಲೆ ಅರ್ಧ ಗಂಟೆ ಹಾಸಿಡಿ, ಆಮೇಲೆ ಮೆತ್ತನೆ ಬ್ರಷ್‌ನಲ್ಲಿ ಸ್ಟೀಲಿನ ಗೆರೆ ಹೋದ ಕಡೆಗೇ ಉಜ್ಜಿ ತೊಳೆಯಿರಿ. ಬ್ಲೀಚ್ ಮಾತ್ರ ಬೇಡ, ಕಲೆ ಇನ್ನೂ ಕಚ್ಚಿಕೊಳ್ಳುತ್ತೆ, ಸ್ಟೀಲೂ ಹಾಳು. ಕಬ್ಬಿಣದ ನಾರೂ ಬೇಡ. ನಮ್ಮ ಮನೆಯಲ್ಲಿ ಅದರ ಚೂರುಗಳೇ ಸಿಂಕಿನಲ್ಲಿ ಉಳಿದು ಮರುದಿನ ಕೆಂಪು ಚುಕ್ಕಿ ಆಗಿದ್ದವು.

ಮಳೆಗಾಲದಲ್ಲಿ ಸಿಂಕ್ ತಾನಾಗಿ ಒಣಗಲ್ಲ ಅಲ್ವಾ, ಹಾಗಾಗಿ ರಾತ್ರಿ ಮಲಗುವ ಮುಂಚೆ ಒಣ ಬಟ್ಟೆಯಲ್ಲಿ ಒರೆಸಿ. ಉಗುರಿಗೆ ಗುಳಿ ಸಿಕ್ಕರೆ ಆ ಜಾಲರಿ ಬದಲಿಸಲೇಬೇಕು.