32ನೇ ಸೆಕೆಂಡಿನ ಅವಸರ

“ಬ್ಯಾಸ್ಕೆಟ್‌ಬಾಲ್ ಪಂದ್ಯದ ಮೊದಲ ಕ್ವಾರ್ಟರ್ ಮುಗಿಯಲು 32 ಸೆಕೆಂಡ್ ಇತ್ತು. ಶಾಟ್ ಕ್ಲಾಕ್‌ನಲ್ಲಿ ಇನ್ನೂ 16 ಸೆಕೆಂಡ್ ಉಳಿದಿದ್ದರೂ ನಮ್ಮ ತಂಡದ ಆಟಗಾರ ದುಡುಕಿ ಚೆಂಡು ಎಸೆದ. ಕಾಯಬಹುದಿತ್ತಲ್ಲವೇ ಸಂಪಾದಕರೇ?”
— ಒಬ್ಬ ಓದುಗ

ಮಾನ್ಯರೇ, ಆತ ದುಡುಕಲಿಲ್ಲ, ಲೆಕ್ಕ ಹಾಕಿಯೇ ಎಸೆದ ಎಂದು ನನಗನ್ನಿಸುತ್ತದೆ.

ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಬುಟ್ಟಿಯತ್ತ ಎಸೆಯಬೇಕು; ಶಾಟ್ ಕ್ಲಾಕ್ ಎಣಿಸುವುದು ಅದನ್ನೇ. ನೀವು ಹೇಳಿದ ಅಂಕಿಗಳ ಪ್ರಕಾರ ನಿಮ್ಮ ತಂಡದ ಕೈಗೆ ಚೆಂಡು ಬಂದಾಗ ಕ್ವಾರ್ಟರ್‌ನಲ್ಲಿ 40 ಸೆಕೆಂಡ್ ಉಳಿದಿತ್ತು. ತಮ್ಮ ಪಾಲಿನ 24 ಸೆಕೆಂಡನ್ನೂ ಬಳಸಿದ್ದರೆ ಎದುರಾಳಿಗೆ 16 ಸೆಕೆಂಡ್ ಸಿಗುತ್ತಿತ್ತು. ಅದು 24ಕ್ಕಿಂತ ಕಡಿಮೆಯಾದ್ದರಿಂದ, ಅವರು ಚೆಂಡನ್ನು ಕೊನೆಯ ಗಳಿಗೆಯವರೆಗೆ ತಮ್ಮಲ್ಲೇ ಇಟ್ಟುಕೊಂಡು ಕ್ವಾರ್ಟರ್ ಮುಗಿಸುತ್ತಿದ್ದರು. 32ನೇ ಸೆಕೆಂಡಿನಲ್ಲೇ ಎಸೆದರೆ ಎದುರಾಳಿ 24 ಸೆಕೆಂಡ್ ಪೂರ್ತಿ ಕಳೆದರೂ ಕೊನೆಗೆ ಏಳೆಂಟು ಸೆಕೆಂಡ್ ಉಳಿದು, ನಿಮ್ಮ ತಂಡಕ್ಕೆ ಎರಡನೇ ಅವಕಾಶ ಸಿಗುತ್ತದೆ. ಅವರದು ಒಂದು ಸರದಿ, ನಿಮ್ಮದು ಎರಡು. ಇದನ್ನೇ ಆಟಗಾರರು ‘ಟು ಫಾರ್ ಒನ್’ ಎನ್ನುತ್ತಾರೆ. ಇನ್ನೈದು ಸೆಕೆಂಡ್ ಕಾದು 27ಕ್ಕೆ ಎಸೆದಿದ್ದರೆ ಉಳಿಯುತ್ತಿದ್ದುದು ಎರಡು ಮೂರು ಸೆಕೆಂಡ್ ಮಾತ್ರ; ಅಷ್ಟರಲ್ಲಿ ಅಂಕಣದ ಆ ತುದಿಯಿಂದ ಚೆಂಡನ್ನು ಬೀಸಿ ಒಗೆಯುವುದಲ್ಲದೆ ಬೇರೇನೂ ಸಾಧ್ಯವಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಅಂತರರಾಷ್ಟ್ರೀಯ ನಿಯಮದಲ್ಲಿ ಮೊದಲ ಮೂರು ಕ್ವಾರ್ಟರ್‌ಗಳಲ್ಲಿ ಬ್ಯಾಸ್ಕೆಟ್ ಆದ ಮೇಲೂ ಆಟದ ಗಡಿಯಾರ ನಿಲ್ಲುವುದಿಲ್ಲ, ಆದರೆ ಎದುರಾಳಿಯ ಶಾಟ್ ಕ್ಲಾಕ್ ಶುರುವಾಗುವುದು ಗೆರೆಯಾಚೆಯಿಂದ ಎಸೆದ ಚೆಂಡನ್ನು ಅಂಕಣದೊಳಗಿನ ಆಟಗಾರ ಮುಟ್ಟಿದಾಗ. ಅವರು ಆ ಎಸೆತಕ್ಕೆ ಎರಡು ಮೂರು ಸೆಕೆಂಡ್ ತೆಗೆದುಕೊಂಡರೆ ಅಷ್ಟೂ ನಿಮ್ಮ ಎರಡನೇ ಅವಕಾಶದಿಂದಲೇ ಕಳೆಯುತ್ತದೆ. ಹಾಗಾಗಿ 32 ಸಹ ತುಸು ತಡವೇ. 34ರ ಸುಮಾರಿಗೆ ಎಸೆಯುವುದು ಇನ್ನೂ ಕ್ಷೇಮ.

ಹಾಗೆಂದು ಇದು ಸದಾ ಫಲಿಸುವ ಉಪಾಯವಲ್ಲ. ಎದುರಾಳಿಯ ಕೈ ಮುಖದ ಮುಂದಿರುವಾಗ ಎಸೆದ ಶಾಟ್ ವ್ಯರ್ಥವಾದರೆ, ಕೊನೆಯ ಐದು ಸೆಕೆಂಡಿನ ಕಷ್ಟದ ಪ್ರಯತ್ನ ಆ ನಷ್ಟವನ್ನು ತುಂಬುವುದು ಅನುಮಾನ. ದಾರಿ ತೆರೆದಿದ್ದರೆ ಮಾತ್ರ ಎಸೆಯಬೇಕೆಂಬುದು ನನ್ನ ನಿಲುವು. ಇನ್ನೂ ದೊಡ್ಡ ಅಪಾಯ ರೀಬೌಂಡಿನದು. ಎದುರಾಳಿಯ ಶಾಟ್ ರಿಂಗಿಗೆ ಬಡಿದು, ಆರು ಸೆಕೆಂಡ್ ಇರುವಾಗ ಚೆಂಡು ಮತ್ತೆ ಅವರ ಕೈಗೇ ಸಿಕ್ಕರೆ ನಿಮ್ಮ ಎರಡನೇ ಸರದಿ ಬರುವುದೇ ಇಲ್ಲ.

ಇಂಥ ರೀಬೌಂಡ್ ಹಿಡಿದ ತಂಡಕ್ಕೆ ಹಿಂದೆ ಹೊಸದಾಗಿ 24 ಸೆಕೆಂಡ್ ಸಿಗುತ್ತಿತ್ತು. ಅಂತರರಾಷ್ಟ್ರೀಯ ಆಟದಲ್ಲಿ 2014ರಿಂದ, ಅಮೆರಿಕದ ಎನ್‌ಬಿಎ ಲೀಗಿನಲ್ಲಿ 2018ರಿಂದ ಸಿಗುವುದು 14 ಮಾತ್ರ. ಪಂದ್ಯ ಮುಗಿಯಲು 22 ಸೆಕೆಂಡ್ ಇರುವಾಗ, ಅಂಕಗಳಲ್ಲಿ ಮುಂದಿರುವ ತಂಡಕ್ಕೆ ಹೀಗೆ ರೀಬೌಂಡ್ ಸಿಕ್ಕಿತೆನ್ನಿ. ಹಿಂದೆ ಅವರು ಚೆಂಡು ಹಿಡಿದುಕೊಂಡೇ ಪಂದ್ಯ ಮುಗಿಸಬಹುದಿತ್ತು, ಅದನ್ನು ತಪ್ಪಿಸಲು ಹಿಂದಿರುವ ತಂಡ ಬೇಕೆಂದೇ ಫೌಲ್ ಮಾಡುತ್ತಿತ್ತು. ಈಗ ಅವರು ಎಂಟು ಸೆಕೆಂಡ್ ಉಳಿದಿರುವಾಗಲೇ ಎಸೆಯಬೇಕು. ಹಿಂದಿರುವ ತಂಡ ಫೌಲ್ ಮಾಡದೆ, ಕಾಲೂರಿ ರಕ್ಷಣೆಗೆ ನಿಂತು ಆ ಎಂಟು ಸೆಕೆಂಡಿಗಾಗಿ ಕಾಯಬಹುದು.