ಥೈರಾಯ್ಡ್ ಗುಳಿಗೆಯೂ ಬೆಳಗಿನ ಚಹಾವೂ

ಪ್ರಶ್ನೆ: ನಮ್ಮ ತಾಯಿಗೆ 52 ವರ್ಷ. ಮೊನ್ನೆ ಡಾಕ್ಟರು ಥೈರಾಯ್ಡ್ ಗುಳಿಗೆ 50 ಬರೆದುಕೊಟ್ಟರು. ಎದ್ದ ಕೂಡಲೇ ಚಹಾ ಬೇಕೇ ಬೇಕು ಅಂತಾರೆ. ಚಹಾದ ಜೊತೆಗೇ ನುಂಗಿದರೆ ನಡೆಯುತ್ತದೆಯೇ? ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಕೆ? ಮತ್ತೆ ರಕ್ತ ಪರೀಕ್ಷೆ ಯಾವಾಗ?

ಚಹಾದ ಜೊತೆಗೆ ಬೇಡ. ನಾನು ಕಲಬುರಗಿಯಲ್ಲಿ ಹಲವು ವರ್ಷಗಳಿಂದ ಔಷಧಿ ಅಂಗಡಿ ನಡೆಸುತ್ತಿರುವ ಫಾರ್ಮಾಸಿಸ್ಟ್. ಈ ಗುಳಿಗೆಯನ್ನು ಕೊಡುವಾಗ ನಾನು ಮೊದಲು ವಿಚಾರಿಸುವುದೇ ಮನೆಯಲ್ಲಿ ಚಹಾ ಎಷ್ಟು ಗಂಟೆಗೆ ಆಗುತ್ತದೆ ಎಂದು. ಗುಳಿಗೆಯಲ್ಲಿರುವ ಲೆವೊಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನ್ ಸಣ್ಣ ಕರುಳಿನಲ್ಲಿ ಹೀರಲ್ಪಡುತ್ತದೆ. ಹೊಟ್ಟೆ ಖಾಲಿ ಇದ್ದಾಗ ಅದರ ಹೆಚ್ಚಿನ ಪಾಲು ರಕ್ತಕ್ಕೆ ಸೇರುತ್ತದೆ; ಹಾಲು, ಚಹಾ, ಕಾಫಿ ಅಥವಾ ತಿಂಡಿ ಜೊತೆಗಿದ್ದರೆ ಆ ಪಾಲು ಕಡಿಮೆಯಾಗುತ್ತದೆ, ಅದೂ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಈ ಔಷಧಿಯ ಪ್ರಮಾಣವನ್ನು ಮೈಕ್ರೋಗ್ರಾಂಗಳಲ್ಲಿ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ ಅಳೆಯುವುದರಿಂದ, ದಿನದಿನದ ಇಂತಹ ಸಣ್ಣ ಏರುಪೇರೂ ಕೊನೆಗೆ ರಕ್ತದ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಆಳಂದ ಕಡೆಯ ಒಬ್ಬ ತಾಯಿಯ ವಿಷಯವನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಮನೆಯಲ್ಲಿಯೂ ಹಾಗೆಯೇ ಆಗುವ ಸಂಭವವಿದೆ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ರಕ್ತದ ವರದಿಯಲ್ಲಿ ಏರುವ ಸಂಖ್ಯೆಯೇ ಟಿಎಸ್‌ಎಚ್; ಅವರದು 18 ಇತ್ತು. 50 ಮೈಕ್ರೋಗ್ರಾಂ ಗುಳಿಗೆ ಶುರುವಾಯಿತು. ಎರಡು ತಿಂಗಳ ನಂತರ ಪರೀಕ್ಷಿಸಿದಾಗ ಅದು 16ಕ್ಕೆ ಮಾತ್ರ ಇಳಿದಿತ್ತು. ಒಂದು ದಿನವೂ ತಪ್ಪಿಸಿಲ್ಲವೆಂದು ಅವರು ಹೇಳಿದ್ದು ನಿಜವೇ ಆಗಿತ್ತು, ಡಬ್ಬಿಯಲ್ಲಿ ಉಳಿದ ಗುಳಿಗೆಗಳನ್ನು ಎಣಿಸಿದಾಗ ಲೆಕ್ಕ ಸರಿಹೊಂದಿತು. ಆದರೆ ಬೆಳಿಗ್ಗೆ ಏನೇನು ಮಾಡುತ್ತೀರಿ ಎಂದು ಒಂದೊಂದಾಗಿ ಕೇಳುತ್ತಾ ಹೋದಾಗ ಕಾರಣ ಸಿಕ್ಕಿತು: ಆರು ಗಂಟೆಗೆ ಹಾಲು ಹಾಕಿದ ಚಹಾ ಕುಡಿಯುತ್ತಾ ಥೈರಾಯ್ಡ್ ಗುಳಿಗೆಯನ್ನೂ, ಮೊಣಕಾಲು ನೋವಿಗೆಂದು ಬರೆದಿದ್ದ ಕ್ಯಾಲ್ಸಿಯಂ ಗುಳಿಗೆಯನ್ನೂ, ರಕ್ತಹೀನತೆಯ ಕಬ್ಬಿಣದ ಗುಳಿಗೆಯನ್ನೂ ಮರೆಯಬಾರದೆಂದು ಒಟ್ಟಿಗೇ ನುಂಗುತ್ತಿದ್ದರು. ಕ್ಯಾಲ್ಸಿಯಂ ಮತ್ತು ಕಬ್ಬಿಣ ಹೊಟ್ಟೆಯೊಳಗೆ ಈ ಹಾರ್ಮೋನಿಗೆ ಅಂಟಿಕೊಂಡು ಅದು ಹೀರಲ್ಪಡದಂತೆ ತಡೆಯುತ್ತವೆ. ನಾನು ಇದನ್ನು ಚೀಟಿಯಲ್ಲಿ ಬರೆದು ಅವರ ವೈದ್ಯರಿಗೆ ತೋರಿಸಲು ಕಳುಹಿಸಿದೆ. ವೈದ್ಯರು ಪ್ರಮಾಣವನ್ನು ಏರಿಸದೆ ವೇಳೆಯನ್ನಷ್ಟೇ ಬದಲಿಸಿದರು. ಮತ್ತೆ ಎಂಟು ವಾರಗಳಾದ ಮೇಲೆ ಅದೇ 50ರ ಗುಳಿಗೆಯಲ್ಲಿ ಟಿಎಸ್‌ಎಚ್ 4.1ಕ್ಕೆ ಬಂದಿತ್ತು.

ನಿಮ್ಮ ತಾಯಿಯವರಿಗೂ ಅದೇ ವೇಳಾಪಟ್ಟಿ ಹೊಂದುತ್ತದೆ. ಐದೂವರೆಗೆ ಎದ್ದು, ಬರಿಯ ನೀರಿನೊಂದಿಗೆ ಗುಳಿಗೆಯನ್ನು ನುಂಗಲಿ. ಆರೂವರೆಗೆ ಚಹಾ ಆಗಲಿ, ತಿಂಡಿ ಅದರ ನಂತರ. ಒಂದು ಗಂಟೆ ಕಾಯುವುದು ಉತ್ತಮ, ಕನಿಷ್ಠ ಅರ್ಧ ಗಂಟೆಯಾದರೂ ಬೇಕು. ಅವರು ಕಬ್ಬಿಣ, ಕ್ಯಾಲ್ಸಿಯಂ ಅಥವಾ ಎದೆಯುರಿಗೆ ಕೊಡುವ ಆಂಟಾಸಿಡ್ ತೆಗೆದುಕೊಳ್ಳುತ್ತಿದ್ದರೆ, ಥೈರಾಯ್ಡ್ ಗುಳಿಗೆಯಿಂದ ನಾಲ್ಕು ಗಂಟೆಗಳ ಅಂತರವಿರಲಿ; ಕಬ್ಬಿಣವನ್ನು ಮಧ್ಯಾಹ್ನದ ಊಟದ ಕಡೆಗೆ, ಕ್ಯಾಲ್ಸಿಯಂ ಅನ್ನು ರಾತ್ರಿಗೆ ಸರಿಸಿದರೆ ಎಲ್ಲವೂ ಹೊಂದಿಕೊಳ್ಳುತ್ತದೆ. ಜೋಳದ ರೊಟ್ಟಿ, ಪಲ್ಯ, ಬೇಳೆಗಳನ್ನು ಬಿಡಬೇಕಾಗಿಲ್ಲ. ಹೂಕೋಸು, ಎಲೆಕೋಸು ತಿನ್ನಲೇಬಾರದೆಂದು ನೆರೆಹೊರೆಯವರು ಹೆದರಿಸುವುದುಂಟು. ಬೇಯಿಸಿ ಸಾಮಾನ್ಯ ಪ್ರಮಾಣದಲ್ಲಿ ತಿಂದರೆ ಅವುಗಳಿಂದ ತೊಂದರೆಯಿಲ್ಲ.

ಚಹಾಕ್ಕಾಗಿ ಒಂದು ಗಂಟೆ ಕಾಯುವುದು ಅವರಿಂದ ಆಗದ ಮಾತಾದರೆ, ವೈದ್ಯರನ್ನು ಕೇಳಿ ರಾತ್ರಿ ಮಲಗುವ ಹೊತ್ತಿಗೆ ಬದಲಿಸಿಕೊಳ್ಳಬಹುದು. ಅದಕ್ಕೆ ಊಟವಾಗಿ ಕನಿಷ್ಠ ಮೂರು ಗಂಟೆ ಕಳೆದಿರಬೇಕು, ಆಗ ಕ್ಯಾಲ್ಸಿಯಂ ಗುಳಿಗೆಯನ್ನು ರಾತ್ರಿಯಿಂದ ಮಧ್ಯಾಹ್ನಕ್ಕೆ ತರಬೇಕು. ರಂಜಾನ್ ತಿಂಗಳಲ್ಲಿ ರೋಜಾ ಇರುವವರು ನನ್ನಲ್ಲಿ ಇದನ್ನೇ ಕೇಳುತ್ತಾರೆ: ಸೆಹ್ರಿಯ ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಎದ್ದು ನುಂಗುವುದು ಒಂದು ದಾರಿ, ಇಫ್ತಾರಿನ ಊಟವಾಗಿ ಮೂರು ಗಂಟೆಗಳ ನಂತರ ಮಲಗುವಾಗ ನುಂಗುವುದು ಇನ್ನೊಂದು ದಾರಿ. ಯಾವುದನ್ನು ಆರಿಸಿಕೊಂಡರೂ ದಿನವೂ ಅದೇ ಇರಲಿ.

ಮರೆತ ದಿನದ ಬಗ್ಗೆ ಗಾಬರಿಪಡುವ ಅಗತ್ಯವಿಲ್ಲ. ಈ ಹಾರ್ಮೋನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನಗಳು ಬೇಕು; ಹಾಗಾಗಿ ಒಂದು ಗುಳಿಗೆ ತಪ್ಪಿದರೆ ಆ ದಿನ ಏನೂ ವ್ಯತ್ಯಾಸ ತಿಳಿಯುವುದಿಲ್ಲ. ಅದೇ ದಿನ ನೆನಪಾದರೆ, ಊಟವಾಗಿ ಎರಡು ಮೂರು ಗಂಟೆ ಕಳೆದ ಹೊತ್ತು ನೋಡಿಕೊಂಡು ನುಂಗಲಿ. ಮರುದಿನ ನೆನಪಾದರೆ ಹಳೆಯದನ್ನು ಬಿಟ್ಟು ಎಂದಿನಂತೆ ಒಂದನ್ನೇ ನುಂಗಲಿ, ವೈದ್ಯರು ಹೇಳದೆ ಎರಡು ಬೇಡ. ವಾರಗಟ್ಟಲೆ ಬಿಟ್ಟಿದ್ದರೆ ಮಾತ್ರ ತಾವಾಗಿಯೇ ಮತ್ತೆ ಶುರು ಮಾಡದೆ ವೈದ್ಯರಿಗೆ ಹೇಳಬೇಕು, ಅದರಲ್ಲೂ ಹೃದಯದ ಕಾಯಿಲೆ ಇರುವವರು.

ಮೊದಲ ರಕ್ತ ಪರೀಕ್ಷೆ ಆರರಿಂದ ಎಂಟು ವಾರಗಳ ನಂತರ. ಹದಿನೈದು ದಿನಕ್ಕೇ ಮಾಡಿಸಿ, ಸಂಖ್ಯೆ ಇಳಿದಿಲ್ಲವೆಂದು ಬೇಸರಪಟ್ಟು ಗುಳಿಗೆಯನ್ನೇ ಬಿಟ್ಟವರನ್ನು ನಾನು ಕಂಡಿದ್ದೇನೆ, ಅದಕ್ಕಾಗಿ ಕಾರಣವನ್ನೂ ಹೇಳುತ್ತೇನೆ. ಮೇಲೆ ಹೇಳಿದ ಏಳು ದಿನಗಳ ಲೆಕ್ಕದಿಂದ ರಕ್ತದಲ್ಲಿ ಹಾರ್ಮೋನಿನ ಮಟ್ಟ ಒಂದು ನೆಲೆಗೆ ನಿಲ್ಲಲು ಐದು ವಾರಗಳಾದರೂ ಹಿಡಿಯುತ್ತವೆ, ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಅದನ್ನು ಗುರುತಿಸಿ ಟಿಎಸ್‌ಎಚ್ ತಗ್ಗಿಸಲು ಇನ್ನೂ ಸ್ವಲ್ಪ ಕಾಲ ಬೇಕು. ಪ್ರಮಾಣ ಬದಲಾದಾಗಲೆಲ್ಲ ಇದೇ ಆರರಿಂದ ಎಂಟು ವಾರಗಳ ಲೆಕ್ಕ. ಮಟ್ಟ ನೆಲೆ ನಿಂತ ಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಸಾಕು.

ಪರೀಕ್ಷೆಯ ದಿನ ಬೆಳಿಗ್ಗೆ ರಕ್ತ ಕೊಟ್ಟ ನಂತರವೇ ಗುಳಿಗೆ ನುಂಗಲಿ, ಏಕೆಂದರೆ ನುಂಗಿದ ಕೆಲವು ಗಂಟೆಗಳ ಕಾಲ ಫ್ರೀ ಟಿ4, ಅಂದರೆ ರಕ್ತದಲ್ಲಿರುವ ಈ ಹಾರ್ಮೋನಿನ ಮಟ್ಟ, ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಕೂದಲು ಉದುರುವುದಕ್ಕೆ ಬಯೋಟಿನ್ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಬೇಕು, ಅದು ಕೆಲವು ಯಂತ್ರಗಳಲ್ಲಿ ವರದಿಯನ್ನೇ ತಪ್ಪಾಗಿಸುತ್ತದೆ. ಇನ್ನೊಂದು ಮಾತನ್ನು ಮುಜುಗರವಿಲ್ಲದೆ ವೈದ್ಯರಿಗೆ ತಿಳಿಸಿ: ತಿಂಗಳುಗಟ್ಟಲೆ ಗುಳಿಗೆ ಸರಿಯಾಗಿ ನುಂಗದೆ, ಪರೀಕ್ಷೆ ಹತ್ತಿರ ಬಂದಾಗ ಒಂದು ವಾರ ತಪ್ಪದೆ ನುಂಗಿದರೆ ಟಿ4 ಸರಿಯಾಗಿರುತ್ತದೆ, ಟಿಎಸ್‌ಎಚ್ ಮಾತ್ರ ಏರಿಯೇ ಇರುತ್ತದೆ. ಮುಚ್ಚಿಟ್ಟರೆ ಬೇಡದಿದ್ದರೂ ಪ್ರಮಾಣ ಏರುವ ಅಪಾಯವಿದೆ.

ಪ್ರಮಾಣ ಹೆಚ್ಚಾದರೆ ಎದೆ ಡವಡವ ಬಡಿಯುತ್ತದೆ, ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ, ತೂಕ ಇಳಿಯುತ್ತದೆ. ಹೀಗಾದರೆ ಮುಂದಿನ ಪರೀಕ್ಷೆಯವರೆಗೆ ಕಾಯದೆ ವೈದ್ಯರನ್ನು ಕಾಣಿರಿ. ಎದೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ನಿಮ್ಮ ಮನೆಯಲ್ಲಿ ಇದೇ ಗುಳಿಗೆ ತೆಗೆದುಕೊಳ್ಳುವ ಸೊಸೆಯೋ ಮಗಳೋ ಇದ್ದರೆ, ಗರ್ಭಿಣಿ ಎಂದು ತಿಳಿದ ದಿನವೇ ವೈದ್ಯರಿಗೆ ಹೇಳಬೇಕು, ಆಗ ಪ್ರಮಾಣ ಸಾಮಾನ್ಯವಾಗಿ ಏರಿಸಬೇಕಾಗುತ್ತದೆ.

ಕೊನೆಯದಾಗಿ ಡಬ್ಬಿಯ ವಿಷಯ. ಈ ಔಷಧಿ ಬಿಸಿಲು, ತೇವ, ಬೆಳಕುಗಳಿಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಡಬ್ಬಿಯ ಮೇಲೆ ಬರೆದಿರುವ ಮಿತಿ ಅದಕ್ಕಿಂತ ಬಹಳ ಕಡಿಮೆ. ಪತ್ರಾಸಿನ ಅಡುಗೆಮನೆಯಲ್ಲಿ, ಒಲೆಯ ಮೇಲಿನ ಗೂಡಿನಲ್ಲಿ ಇಡಬೇಡಿ. ಮನೆಯ ಅತ್ಯಂತ ತಣ್ಣಗಿನ ಕೋಣೆಯಲ್ಲಿ, ಅದೇ ಡಬ್ಬಿಯಲ್ಲಿ ಮುಚ್ಚಳ ಬಿಗಿಯಾಗಿ ಹಾಕಿ ಇಡಿ. ಮುಂದೆ ಪ್ರಮಾಣ ಬದಲಾದರೆ 50ರ ಹಳೆಯ ಡಬ್ಬಿಯನ್ನು ಹೊಸದರ ಪಕ್ಕದಲ್ಲಿ ಇಡದೆ, ವೈದ್ಯರನ್ನು ಕೇಳಿ ಬೇರೆಡೆಗೆ ಎತ್ತಿಡಿ.